ಹಿನ್ನೆಲೆಯ ಆ್ಯಪ್‌ಗಳನ್ನು ಮುಚ್ಚುವುದರಿಂದ ಲಾಭವುಂಟೆ? – ಮೊಬೈಲಿನ ಸ್ಮೃತಿ ನಿರ್ವಹಣೆ ಮತ್ತು ವರ್ತಕರ ಲೆಕ್ಕ

ಅಂಗಡಿ, ಮಂಡಿ ಹಾಗೂ ಸಣ್ಣ ಕೈಗಾರಿಕೆಗಳಲ್ಲಿ ಇಂದು ಬಿಲ್ಲು ಬರೆಯುವುದಕ್ಕೂ, ಹಣ ಪಡೆಯುವುದಕ್ಕೂ, ಸರಕಿನ ಚಿತ್ರ ಕಳುಹಿಸುವುದಕ್ಕೂ ಒಂದೇ ಮೊಬೈಲ್ ದೂರವಾಣಿ ಬಳಕೆಯಾಗುತ್ತಿದೆ. ಹೀಗೆ ಬಳಸುವವರಲ್ಲಿ ಒಂದು ರೂಢಿ ವ್ಯಾಪಕವಾಗಿ ಬೆಳೆದಿದೆ. ಒಂದು ಆ್ಯಪ್‌ನ ಕೆಲಸ ಮುಗಿದೊಡನೆ, ಇತ್ತೀಚೆಗೆ ಬಳಸಿದ ಆ್ಯಪ್‌ಗಳ ಸಾಲನ್ನು ತೆರೆದು, ಅವೆಲ್ಲವನ್ನೂ ಬೆರಳಿನಿಂದ ಮೇಲಕ್ಕೆ ಸರಿಸಿ ಮುಚ್ಚಿಬಿಡುವುದು. ಇದರಿಂದ ಮೊಬೈಲ್ ಹಗುರಾಗುತ್ತದೆ, ಬ್ಯಾಟರಿ ಉಳಿಯುತ್ತದೆ ಎಂಬುದು ನಂಬಿಕೆ.

ಇದರ ಜೊತೆಗೆ ಇನ್ನೊಂದು ಸಂಗತಿಯೂ ಎಲ್ಲರ ಅನುಭವದಲ್ಲಿದೆ. ಮನೆಯ ಮಕ್ಕಳು ಅದೇ ಮೊಬೈಲಿನಲ್ಲಿ ಆಟವಾಡುತ್ತಿರುವಾಗ ಮಧ್ಯೆ ಒಂದು ಸಂದೇಶ ನೋಡಿ, ಒಂದು ಪಾವತಿ ಮಾಡಿ ಹಿಂತಿರುಗಿದರೆ, ಆಟವು ನಿಂತ ಕಡೆಯಿಂದ ಮುಂದುವರಿಯದೆ ತಯಾರಕರ ಲಾಂಛನದಿಂದ ಪುನಃ ಆರಂಭವಾಗುತ್ತದೆ. ಮಕ್ಕಳು ಗದ್ದಲ ಮಾಡುತ್ತಾರೆ, ಹಿರಿಯರು ಮೊಬೈಲ್ ಹಳೆಯದಾಯಿತು ಎನ್ನುತ್ತಾರೆ.

ಆಟವು ಪುನಃ ಆರಂಭವಾಗುವುದಕ್ಕೂ ಆ್ಯಪ್‌ಗಳನ್ನು ಮುಚ್ಚುವ ರೂಢಿಗೂ ಹಿಂದಿರುವ ವ್ಯವಸ್ಥೆ ಒಂದೇ. ಅದೇ ವ್ಯವಸ್ಥೆಯು ಕೆಲವೊಮ್ಮೆ ವರ್ತಕನ ಅರ್ಧ ಬರೆದ ಬಿಲ್ಲನ್ನೂ ಸದ್ದಿಲ್ಲದೆ ಅಳಿಸಿಬಿಡುತ್ತದೆ. ಆಟ ಹೋದುದು ಒಡನೆಯೇ ತಿಳಿಯುತ್ತದೆ. ಬಿಲ್ಲು ಹೋದುದು ತಡವಾಗಿ ತಿಳಿಯುತ್ತದೆ. ಆದ್ದರಿಂದ ಈ ವ್ಯವಸ್ಥೆಯ ರೀತಿಯನ್ನು ವರ್ತಕರು ಸ್ವಲ್ಪ ವಿವರವಾಗಿ ಅರಿತಿರುವುದು ಉಚಿತ.

ಕಟ್ಟೆ ಮತ್ತು ಉಗ್ರಾಣ

ಮೊಬೈಲಿನಲ್ಲಿ ಮಾಹಿತಿ ಇರುವ ಸ್ಥಳಗಳು ಎರಡು. ಒಂದು ಶಾಶ್ವತ ಸಂಗ್ರಹ. ಪೆಟ್ಟಿಗೆಯ ಮೇಲೆ 64 ಜಿಬಿ, 128 ಜಿಬಿ ಎಂದು ಮುದ್ರಿಸಿರುವುದು ಇದನ್ನೇ. ಮೊಬೈಲ್ ಆರಿಸಿದರೂ ಇಲ್ಲಿನ ಮಾಹಿತಿ ಉಳಿಯುತ್ತದೆ. ಇನ್ನೊಂದು ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿ. ಇದು 3, 4, 6 ಅಥವಾ 8 ಜಿಬಿಯಷ್ಟಿರುತ್ತದೆ. ಯಾವುದೇ ಆ್ಯಪ್ ಕೆಲಸ ಮಾಡಬೇಕಾದರೆ ಅದರ ಸಾಮಗ್ರಿಯು ಸಂಗ್ರಹದಿಂದ ರ್‍ಯಾಮಿಗೆ ಬರಲೇಬೇಕು. ಮಂಡಿಯ ಭಾಷೆಯಲ್ಲಿ ಹೇಳುವುದಾದರೆ, ಸಂಗ್ರಹವು ಹಿಂದಿನ ಉಗ್ರಾಣ. ರ್‍ಯಾಮ್ ಮುಂದಿನ ವ್ಯಾಪಾರದ ಕಟ್ಟೆ. ಉಗ್ರಾಣ ದೊಡ್ಡದು, ಆದರೆ ಅಲ್ಲಿಂದ ಸರಕು ತರಲು ಸಮಯ ಹಿಡಿಯುತ್ತದೆ. ಕಟ್ಟೆ ಚಿಕ್ಕದು, ಆದರೆ ಅದರ ಮೇಲಿರುವುದು ಕೈಗೆ ತಕ್ಷಣ ಸಿಗುತ್ತದೆ.

ಒಬ್ಬ ಗಿರಾಕಿ ಹೋದ ಕೂಡಲೇ ಕಟ್ಟೆಯ ಮೇಲಿನ ತಕ್ಕಡಿ, ಬಟ್ಟು, ರಸೀದಿ ಪುಸ್ತಕಗಳನ್ನೆಲ್ಲ ಉಗ್ರಾಣಕ್ಕೆ ಸಾಗಿಸಿ, ಮುಂದಿನ ಗಿರಾಕಿ ಬಂದಾಗ ಪುನಃ ಹೊತ್ತು ತರುವ ವ್ಯಾಪಾರಿ ಯಾರೂ ಇಲ್ಲ. ಆಂಡ್ರಾಯ್ಡ್ ವ್ಯವಸ್ಥೆಯೂ ಹಾಗೆಯೇ ನಡೆದುಕೊಳ್ಳುತ್ತದೆ. ಬಳಕೆದಾರನು ಒಂದು ಆ್ಯಪ್‌ನಿಂದ ಹೊರಬಂದಾಗ ಅದನ್ನು ರ್‍ಯಾಮಿನಿಂದ ತೆಗೆಯದೆ ಇದ್ದಲ್ಲಿಯೇ ಬಿಡುತ್ತದೆ. ಪುನಃ ಬೇಕಾದರೆ ಕ್ಷಣಾರ್ಧದಲ್ಲಿ ಮುಂದೆ ಬರಲೆಂಬುದು ಇದರ ಉದ್ದೇಶ. ಆದುದರಿಂದ ರ್‍ಯಾಮ್ ಬಹುಪಾಲು ತುಂಬಿರುವುದು ದೋಷದ ಲಕ್ಷಣವಲ್ಲ. ಖಾಲಿ ಇರುವ ರ್‍ಯಾಮ್ ಯಾವ ಕೆಲಸವನ್ನೂ ಮಾಡುತ್ತಿಲ್ಲ ಎಂದಷ್ಟೇ ಅರ್ಥ.

ಕಟ್ಟೆಯ ಮೇಲಿರುವ ಸಾಮಗ್ರಿಯಲ್ಲಿ ಎರಡು ಬಗೆಯುಂಟು. ಈ ಭೇದವೇ ಮುಂದಿನ ಎಲ್ಲ ವಿಷಯಕ್ಕೂ ಆಧಾರ. ಮೊದಲನೆಯದು, ಉಗ್ರಾಣದಲ್ಲಿ ಮೂಲಪ್ರತಿ ಇರುವ ಸಾಮಗ್ರಿ. ಆ್ಯಪ್‌ನ ಆಜ್ಞೆಗಳು, ಅದರ ಜೊತೆ ಬಂದ ಚಿತ್ರಗಳು ಇಂಥವು. ಇವನ್ನು ಕಟ್ಟೆಯಿಂದ ಎಸೆದರೂ ನಷ್ಟವಿಲ್ಲ, ಬೇಕಾದಾಗ ಪುನಃ ತರಬಹುದು. ಎರಡನೆಯದು, ಕಟ್ಟೆಯ ಮೇಲೆ ಮಾತ್ರ ಇರುವ ಸಾಮಗ್ರಿ. ಈಗತಾನೆ ಬೆರಳಿನಿಂದ ಬರೆದ ತೂಕ, ಆಟದಲ್ಲಿ ಆಟಗಾರ ನಿಂತಿರುವ ಜಾಗ ಇಂಥವು. ಇವನ್ನು ಆ್ಯಪ್ ಸ್ವತಃ ಉಗ್ರಾಣದಲ್ಲಿ ಬರೆದಿಡದ ಹೊರತು, ಕಟ್ಟೆ ತೆರವಾದಾಗ ಇವು ಸಂಪೂರ್ಣವಾಗಿ ಇಲ್ಲವಾಗುತ್ತವೆ.

ಕಟ್ಟೆ ತುಂಬಿದಾಗ ನಡೆಯುವುದು

ಹೊಸ ಆ್ಯಪ್‌ಗೆ ಸ್ಥಳ ಸಾಲದಾದಾಗ ವ್ಯವಸ್ಥೆಯು ಕ್ರಮವಾಗಿ ಮೂರು ಹೆಜ್ಜೆಗಳನ್ನು ಇಡುತ್ತದೆ. ಮೊದಲು, ಉಗ್ರಾಣದಲ್ಲಿ ಮೂಲಪ್ರತಿ ಇರುವ ಸಾಮಗ್ರಿಯಲ್ಲಿ ಇತ್ತೀಚೆಗೆ ಮುಟ್ಟದಿದ್ದುದನ್ನು ಕೈಬಿಡುತ್ತದೆ. ಅದೂ ಸಾಲದಾದರೆ, ಕಟ್ಟೆಯ ಮೇಲೆ ಮಾತ್ರ ಇರುವ ಸಾಮಗ್ರಿಯನ್ನು ಒತ್ತಿ ಚಿಕ್ಕದು ಮಾಡಿ ರ್‍ಯಾಮಿನ ಒಂದು ಮೂಲೆಯಲ್ಲಿಯೇ ಇಡುತ್ತದೆ. ಇದನ್ನು ಜಡ್‌ರ್‍ಯಾಮ್ ಎನ್ನುತ್ತಾರೆ. ಹತ್ತಿಯನ್ನು ಒತ್ತಿ ಬೇಲ್ ಕಟ್ಟುವಂತೆ ಇದು. ಸ್ಥಳ ಉಳಿಯುತ್ತದೆ, ಆದರೆ ಬಿಚ್ಚಿ ಬಳಸಲು ಸ್ವಲ್ಪ ಶ್ರಮವಾಗುತ್ತದೆ. ಇವೆರಡೂ ಸಾಲದಾದರೆ ಮೂರನೆಯ ಹೆಜ್ಜೆಯಾಗಿ ಒಂದು ಆ್ಯಪನ್ನೇ ಪೂರ್ಣವಾಗಿ ಕೊನೆಗೊಳಿಸುತ್ತದೆ.

ಯಾವ ಆ್ಯಪ್ ಮೊದಲು ಹೋಗಬೇಕು ಎಂಬುದಕ್ಕೆ ಆಂಡ್ರಾಯ್ಡ್ ಪ್ರತಿಯೊಂದು ಆ್ಯಪ್‌ಗೂ ಒಂದು ಅಂಕವನ್ನು ಕೊಟ್ಟಿರುತ್ತದೆ. ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಪರದೆಯ ಮೇಲೆ ಬಳಕೆಯಲ್ಲಿರುವ ಆ್ಯಪ್‌ಗೆ ಅಂಕ 0. ಹಾಡು ಕೇಳಿಸುತ್ತಿರುವಂತಹ, ನಿಂತರೆ ಬಳಕೆದಾರನಿಗೆ ಕೂಡಲೇ ತಿಳಿಯುವಂತಹ ಆ್ಯಪ್‌ಗೆ 200ರ ಸುಮಾರು. ಇದೀಗ ಬಿಟ್ಟುಬಂದ, ಒಂದೇ ಹೆಜ್ಜೆ ಹಿಂದಿನ ಆ್ಯಪ್‌ಗೆ 700. ಅದಕ್ಕಿಂತ ಹಿಂದೆ ಬಳಸಿ ಸುಮ್ಮನೆ ಬಿಟ್ಟಿರುವ ಆ್ಯಪ್‌ಗಳಿಗೆ 900 ಮತ್ತು ಮೇಲ್ಪಟ್ಟು. ಈ ಕೊನೆಯ ಗುಂಪಿನಲ್ಲಿ ಸಾಮಾನ್ಯವಾಗಿ ಬಹಳ ಹೊತ್ತಿನಿಂದ ಮುಟ್ಟದ ಆ್ಯಪ್ ಮೊದಲು ಹೋಗುತ್ತದೆ. ಕೆಲವು ಮೊಬೈಲುಗಳಲ್ಲಿ ಹೆಚ್ಚು ಸ್ಥಳ ಹಿಡಿದಿರುವ ಆ್ಯಪ್ ಮೊದಲು ಹೋಗುವಂತೆಯೂ ತಯಾರಕರು ಏರ್ಪಡಿಸಿರುತ್ತಾರೆ. ಐಫೋನಿನಲ್ಲಿ ಹೆಸರುಗಳು ಬೇರೆಯಾದರೂ ತತ್ತ್ವ ಇದೇ.

ಕಳ್ಳಂಬೆಳ್ಳದ ಒಂದು ಮಂಡಿಯ ಲೆಕ್ಕ

ಈ ಕ್ರಮವು ವ್ಯವಹಾರದಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಶಿರಾ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕಳ್ಳಂಬೆಳ್ಳದಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಿಗೆ ಶೇಂಗಾ ಖರೀದಿಸುವ ಒಬ್ಬ ವರ್ತಕನಿದ್ದಾನೆ ಎಂದಿಟ್ಟುಕೊಳ್ಳೋಣ. ಸುಗ್ಗಿಯ ಕಾಲ. ಒಬ್ಬ ರೈತ 22 ಚೀಲ ಶೇಂಗಾ ತಂದಿದ್ದಾನೆ. ಒಂದೊಂದೇ ಚೀಲವನ್ನು ತೂಗಿ, ತೂಕವನ್ನು ಬಿಲ್ಲಿನ ಆ್ಯಪ್‌ನಲ್ಲಿ ಸಾಲಾಗಿ ಬರೆಯಲಾಗುತ್ತಿದೆ. 14 ಚೀಲ ಮುಗಿದಾಗ ಹಮಾಲರು ಚಹಾಕ್ಕೆ ನಿಲ್ಲುತ್ತಾರೆ. ಮೊಬೈಲು ಮೇಜಿನ ಮೇಲಿರುತ್ತದೆ. ವರ್ತಕನ ಮಗ ಅದನ್ನು ಎತ್ತಿಕೊಂಡು ಹತ್ತು ನಿಮಿಷ ಆಟವಾಡುತ್ತಾನೆ. ಅಷ್ಟರಲ್ಲಿ ಚಳ್ಳಕೆರೆಯ ಎಣ್ಣೆ ಗಿರಣಿಯಿಂದ ಸಂದೇಶ ಬರುತ್ತದೆ. ವರ್ತಕನು ಮೊಬೈಲು ತೆಗೆದುಕೊಂಡು ಸಂದೇಶ ಓದುತ್ತಾನೆ, ಪಾವತಿಯ ಆ್ಯಪ್ ತೆರೆದು ಮುಂಗಡ ಬಂದಿದೆಯೇ ಎಂದು ನೋಡುತ್ತಾನೆ, ಬಳಿಕ ಗಿರಣಿಯವರಿಗೆ ಮಾದರಿ ಕಳುಹಿಸಲು ಕ್ಯಾಮೆರಾ ತೆರೆಯುತ್ತಾನೆ.

ಮೊಬೈಲಿನ ರ್‍ಯಾಮ್ 4 ಜಿಬಿ. ಇದರಲ್ಲಿ ಸುಮಾರು ಅರ್ಧದಷ್ಟು ವ್ಯವಸ್ಥೆಯ ಸ್ವಂತ ಕೆಲಸಕ್ಕೇ ಬೇಕಾಗುತ್ತದೆ. ಆ್ಯಪ್‌ಗಳಿಗೆ ಉಳಿಯುವುದು 2000 ಎಂಬಿ ಎಂದು ಹಿಡಿಯೋಣ. ಲೆಕ್ಕದ ಅನುಕೂಲಕ್ಕಾಗಿ ಎಲ್ಲ ಅಂಕಿಗಳನ್ನೂ ಇಡಿಯಾಗಿ ತೆಗೆದುಕೊಳ್ಳಲಾಗಿದೆ. ಮುಖಪುಟ ಹಾಗೂ ಕೀಲಿಮಣೆಗೆ 200, ಬಿಲ್ಲಿನ ಆ್ಯಪ್‌ಗೆ 200, ಆಟಕ್ಕೆ 1100, ಸಂದೇಶದ ಆ್ಯಪ್‌ಗೆ 150, ಪಾವತಿಯ ಆ್ಯಪ್‌ಗೆ 250 – ಒಟ್ಟು 1900. ಉಳಿದದ್ದು 100. ವ್ಯವಸ್ಥೆಯು ಆಪತ್ತಿಗೆಂದು ಸದಾ ಸ್ವಲ್ಪ ಸ್ಥಳವನ್ನು ಮೀಸಲಿಡುತ್ತದೆ. ಈ 100 ಆ ಮೀಸಲು ಎನ್ನೋಣ. ಈಗ ಕ್ಯಾಮೆರಾಕ್ಕೆ 350 ಬೇಕು. ಅಂದರೆ ಕೊರತೆ 350.

ವ್ಯವಸ್ಥೆಯು ಮೊದಲ ಎರಡು ಹೆಜ್ಜೆಗಳಿಂದ, ಎಂದರೆ ಬೇಡದ್ದನ್ನು ಕೈಬಿಟ್ಟು, ಉಳಿದುದನ್ನು ಒತ್ತಿ, 100 ಎಂಬಿ ಒದಗಿಸಿಕೊಂಡಿತು. ಕೊರತೆ ಇನ್ನೂ 250. ಇನ್ನು ಆ್ಯಪ್ ಕೊನೆಗೊಳಿಸಲೇಬೇಕು. ಪಾವತಿಯ ಆ್ಯಪ್ ಒಂದೇ ಹೆಜ್ಜೆ ಹಿಂದಿನದು. ಅದಕ್ಕೆ 700ರ ರಕ್ಷಣೆಯಿದೆ. ಉಳಿದ ಮೂರರಲ್ಲಿ ಎಲ್ಲಕ್ಕಿಂತ ಮೊದಲು ಕೈಬಿಟ್ಟಿದ್ದು ಬಿಲ್ಲಿನ ಆ್ಯಪ್. ಅದು ಹೋಯಿತು, 200 ಎಂಬಿ ದೊರೆಯಿತು. ಕೊರತೆ 50. ಮುಂದಿನ ಸರದಿ ಆಟದ್ದು. ಅದೂ ಹೋಯಿತು; ಒಂದೇ ಏಟಿಗೆ 1100 ಎಂಬಿ ತೆರವಾಯಿತು. ಕ್ಯಾಮೆರಾ ತೆರೆಯಿತು, ಮಾದರಿಯ ಚಿತ್ರ ಹೋಯಿತು. ಇದೆಲ್ಲ ನಡೆದದ್ದು ಒಂದೆರಡು ಕ್ಷಣಗಳಲ್ಲಿ. ಪರದೆಯ ಮೇಲೆ ಯಾವ ಸೂಚನೆಯೂ ಬರಲಿಲ್ಲ. ಇತ್ತೀಚಿನ ಆ್ಯಪ್‌ಗಳ ಸಾಲಿನಲ್ಲಿ ಬಿಲ್ಲು ಹಾಗೂ ಆಟದ ಚಿತ್ರಗಳು ಮೊದಲಿನಂತೆಯೇ ಕಾಣುತ್ತವೆ. ಆ ಸಾಲು ಬಳಕೆಯ ಚರಿತ್ರೆಯೇ ಹೊರತು, ಕಟ್ಟೆಯ ಮೇಲೆ ಈಗ ಏನಿದೆ ಎಂಬುದರ ಪಟ್ಟಿಯಲ್ಲ.

ಮಗನು ಆಟಕ್ಕೆ ಹಿಂತಿರುಗಿದಾಗ ಅದು ಮೊದಲಿನಿಂದ ತೆರೆಯುತ್ತದೆ, ಅವನು ಕೂಗುತ್ತಾನೆ. ಹಮಾಲರು ಬಂದಾಗ ವರ್ತಕನು ಬಿಲ್ಲಿಗೆ ಹಿಂತಿರುಗುತ್ತಾನೆ. ಆ್ಯಪ್ ಬರೆದ ಸಾಲುಗಳನ್ನು ಆಗಿಂದಾಗ್ಗೆ ಸಂಗ್ರಹದಲ್ಲಿ ಇಟ್ಟಿದ್ದರೆ 14 ತೂಕಗಳೂ ಹಾಗೆಯೇ ಇರುತ್ತವೆ. ಇಡದಿದ್ದರೆ ಖಾಲಿ ಬಿಲ್ಲು ಕಾಣುತ್ತದೆ. ತೂಗಿದ ಚೀಲಗಳು ಆಗಲೇ ಬಾಯಿ ಹೊಲಿದು ಅಟ್ಟಿ ಸೇರಿವೆ. ಪುನಃ ತೂಗಬೇಕಾದರೆ ಹಮಾಲಿ ಎರಡು ಪಟ್ಟು; ನೆನಪಿನಿಂದ ಬರೆದರೆ ರೈತನ ಮನಸ್ಸಿನಲ್ಲಿ ಅನುಮಾನ. ಕೇವಲ 50 ಎಂಬಿ ಕೊರತೆಗೆ ಆಟ ಹೋದದ್ದು ಕಣ್ಣಿಗೆ ಬಿತ್ತು. ಅದಕ್ಕಿಂತ ಮೊದಲೇ ಬಿಲ್ಲು ಹೋದದ್ದು ಯಾರಿಗೂ ತಿಳಿಯಲಿಲ್ಲ.

ಆಟ ಪುನಃ ತೆರೆಯಲು ಇಷ್ಟು ಹೊತ್ತೇಕೆ?

ಬಿಲ್ಲಿನ ಆ್ಯಪ್ ಪುನಃ ತೆರೆಯಲು ಎರಡು ಮೂರು ಕ್ಷಣ ಸಾಕು. ದೊಡ್ಡ ಆಟಕ್ಕೆ ಅರ್ಧ ನಿಮಿಷ ಅಥವಾ ಅದಕ್ಕೂ ಹೆಚ್ಚು ಹಿಡಿಯಬಹುದು. ಆಟದ ಚಿತ್ರಗಳು, ಧ್ವನಿಗಳು ಉಗ್ರಾಣದಲ್ಲಿ ಒತ್ತಿ ಕಟ್ಟಿದ ಸ್ಥಿತಿಯಲ್ಲಿರುತ್ತವೆ. ಅವನ್ನು ಓದಿ, ಬಿಚ್ಚಿ, ಚಿತ್ರ ಬಿಡಿಸುವ ವಿಭಾಗಕ್ಕೆ ತಕ್ಕ ರೂಪದಲ್ಲಿ ಸ್ಮೃತಿಯಲ್ಲಿ ಹರಡಬೇಕು. ಅನಂತರ ಆಟದ ಕಂಪನಿಯ ಗಣಕಯಂತ್ರವನ್ನು ಸಂಪರ್ಕಿಸಿ, ಆಟಗಾರನ ಗುರುತನ್ನು ಸಾಬೀತುಪಡಿಸಿ, ಅವನ ಸ್ಥಿತಿಯನ್ನು ತರಿಸಿಕೊಳ್ಳಬೇಕು. ಇವೆಲ್ಲವೂ ಮೊದಲಿನಿಂದ ನಡೆಯಬೇಕಾದುದರಿಂದಲೇ ವಿಳಂಬ.

ಹಾಗೆಂದು ಆಟ ಪುನಃ ತೆರೆದಾಗಲೆಲ್ಲ ಸ್ಮೃತಿಯ ಕೊರತೆಯೇ ಕಾರಣವೆಂದು ಹೇಳುವಂತಿಲ್ಲ. ಲಕ್ಷಣಗಳಿಂದ ಭೇದವನ್ನು ತಿಳಿಯಬಹುದು. ತಯಾರಕರ ಲಾಂಛನ ಬಂದು, ಪ್ರಗತಿಯ ಪಟ್ಟಿ ಮೊದಲಿನಿಂದ ತುಂಬತೊಡಗಿದರೆ, ಆ್ಯಪ್ ಕೊನೆಗೊಂಡಿತ್ತು ಎಂದರ್ಥ. ಪರದೆ ಒಂದು ಕ್ಷಣ ಕಪ್ಪಾಗಿ, ಬಳಿಕ ಬಿಟ್ಟ ಜಾಗಕ್ಕೇ ಬಂದರೆ, ಆ್ಯಪ್ ಉಳಿದಿತ್ತು, ಆದರೆ ಚಿತ್ರಗಳನ್ನಿರಿಸಿದ್ದ ಭಾಗ ಮಾತ್ರ ತೆರವಾಗಿ ಪುನಃ ತುಂಬಿತು. ಆಟದ ಪರದೆ ಹಾಗೆಯೇ ಇದ್ದು, ಸಂಪರ್ಕಿಸಲಾಗುತ್ತಿದೆ ಎಂಬ ಸೂಚನೆ ತಿರುಗುತ್ತಿದ್ದರೆ, ಮೊಬೈಲಿನ ದೋಷ ಏನೂ ಇಲ್ಲ. ಉತ್ತರ ಬಾರದ ಆಟಗಾರನ ಸಂಪರ್ಕವನ್ನು ಆಟದ ಕಂಪನಿಯೇ ಕಡಿದುಹಾಕಿದೆ. ಈ ಮೂರನೆಯ ಪ್ರಸಂಗದಲ್ಲಿ ಎಷ್ಟೇ ರ್‍ಯಾಮ್ ಇದ್ದರೂ ಪ್ರಯೋಜನವಿಲ್ಲ. ಇದೇ ಲಕ್ಷಣಗಳಿಂದ ವ್ಯವಹಾರದ ಆ್ಯಪ್‌ಗಳನ್ನೂ ಪರೀಕ್ಷಿಸಬಹುದು. ಪಾವತಿಯ ಆ್ಯಪ್ ಸ್ವಲ್ಪ ಹೊತ್ತಿನ ಬಳಿಕ ಪುನಃ ಗುಪ್ತಸಂಖ್ಯೆ ಕೇಳುವುದು ಸ್ಮೃತಿಯ ಕೊರತೆಯಿಂದಲ್ಲ, ಸುರಕ್ಷತೆಗೆಂದು.

ಕೈಯಾರೆ ಮುಚ್ಚುವುದರ ಫಲ

ಮೇಲಿನ ಲೆಕ್ಕವನ್ನು ನೋಡಿದವರಿಗೆ, ಹಾಗಾದರೆ ಎಲ್ಲವನ್ನೂ ಮೊದಲೇ ಮುಚ್ಚಿಬಿಟ್ಟರೆ ಕೊರತೆಯೇ ಬರುವುದಿಲ್ಲವಲ್ಲ ಎನಿಸಬಹುದು. ಆಟವನ್ನು ಮುಗಿಸಿದ ಮೇಲೆ ಅದೊಂದನ್ನು ಮುಚ್ಚಿದ್ದರೆ ಈ ಉದಾಹರಣೆಯಲ್ಲಿ ಬಿಲ್ಲು ಉಳಿಯುತ್ತಿತ್ತು ಎಂಬುದು ನಿಜ. ಆದರೆ ಎಲ್ಲವನ್ನೂ ಮುಚ್ಚುವ ರೂಢಿಗೆ ಇದು ಸಮರ್ಥನೆಯಾಗಲಾರದು.

ಬ್ಯಾಟರಿ ಉಳಿಯುತ್ತದೆ ಎಂಬ ನಂಬಿಕೆಯನ್ನು ಮೊದಲು ನೋಡಬಹುದು. ರ್‍ಯಾಮ್ ತುಂಬಿದ್ದರೂ ಖಾಲಿಯಿದ್ದರೂ ಅದು ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಒಂದೇ. ಸುಮ್ಮನೆ ಬಿಟ್ಟಿರುವ ಆ್ಯಪ್ ಕೆಲಸ ಮಾಡುತ್ತಿರುವುದಿಲ್ಲ; ಇತ್ತೀಚಿನ ಆಂಡ್ರಾಯ್ಡ್ ಆವೃತ್ತಿಗಳು ಅಂತಹ ಆ್ಯಪ್‌ಗಳನ್ನು ಅಲುಗಾಡದಂತೆ ಸ್ತಂಭಿಸಿಯೇ ಇಡುತ್ತವೆ. ಬ್ಯಾಟರಿ ಖರ್ಚಾಗುವುದು ಕೆಲಸಕ್ಕೆ, ಇರುವಿಕೆಗಲ್ಲ. ಮುಚ್ಚಿದ ಆ್ಯಪನ್ನು ದಿನಕ್ಕೆ ನಲವತ್ತು ಸಲ ಮೊದಲಿನಿಂದ ತೆರೆಯುವುದಾದರೆ, ಆ ನಲವತ್ತು ಸಲದ ಓದುವಿಕೆ, ಬಿಚ್ಚುವಿಕೆ, ಸಂಪರ್ಕ ಇವೆಲ್ಲಕ್ಕೂ ಬ್ಯಾಟರಿಯೇ ಬೇಕು. 2016ರಲ್ಲಿ ಆ್ಯಪಲ್ ಸಂಸ್ಥೆಯ ತಂತ್ರಾಂಶ ವಿಭಾಗದ ಮುಖ್ಯಸ್ಥ ಕ್ರೇಗ್ ಫೆಡೆರಿಗಿ ಅವರನ್ನು, ಅವರು ಆ್ಯಪ್‌ಗಳನ್ನು ಪದೇ ಪದೇ ಮುಚ್ಚುತ್ತಾರೆಯೇ, ಬ್ಯಾಟರಿಗಾಗಿ ಅದು ಅಗತ್ಯವೇ ಎಂದು ಕೇಳಿದಾಗ ಎರಡಕ್ಕೂ ಇಲ್ಲವೆಂದು ಉತ್ತರಿಸಿದ್ದರು. ಆಂಡ್ರಾಯ್ಡ್ ವಿಭಾಗದ ಅಂದಿನ ಮುಖ್ಯಸ್ಥ ಹಿರೋಷಿ ಲಾಕ್‌ಹೈಮರ್ ಅವರೂ ಅದೇ ವರ್ಷ ಇದೇ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದರು.

ಎರಡನೆಯ ವಿಷಯ ಹೆಚ್ಚು ಗಂಭೀರವಾದುದು. ವ್ಯವಸ್ಥೆಯು ತಾನಾಗಿ ಒಂದು ಆ್ಯಪನ್ನು ಕೊನೆಗೊಳಿಸುವಾಗ, ಆ ಆ್ಯಪ್ ಪರದೆಯಿಂದ ಸರಿದ ಹೊತ್ತಿನಲ್ಲಿ ಬರೆದುಕೊಟ್ಟ ಒಂದು ಚಿಕ್ಕ ಚೀಟಿಯನ್ನು ತನ್ನ ಬಳಿ ಇರಿಸಿಕೊಂಡಿರುತ್ತದೆ. ಯಾವ ಪುಟ ತೆರೆದಿತ್ತು, ಯಾವ ಅಂಕಣದಲ್ಲಿ ಏನು ಬರೆದಿತ್ತು ಎಂಬಷ್ಟು ಮಾತ್ರ ಅದರಲ್ಲಿ ಹಿಡಿಸುತ್ತದೆ. ಒಂದು ಎಂಬಿಗಿಂತಲೂ ಕಡಿಮೆ. ಬಳಕೆದಾರ ಹಿಂತಿರುಗಿದಾಗ ಈ ಚೀಟಿಯನ್ನು ಆ್ಯಪ್‌ಗೆ ಕೊಡುತ್ತದೆ. ಒಳ್ಳೆಯ ಆ್ಯಪ್‌ಗಳು ಇದನ್ನು ನೋಡಿ, ಏನೂ ಆಗಿಲ್ಲವೆಂಬಂತೆ ಅದೇ ಪುಟವನ್ನು ತೋರಿಸುತ್ತವೆ. ಆದರೆ ಬಳಕೆದಾರನೇ ಆ್ಯಪನ್ನು ಸರಿಸಿ ಮುಚ್ಚಿದಾಗ, ಅವನಿಗೆ ಅದು ಇನ್ನು ಬೇಡವೆಂದು ಭಾವಿಸಿ ವ್ಯವಸ್ಥೆಯು ಚೀಟಿಯನ್ನೂ ಹರಿದುಹಾಕುತ್ತದೆ. ಎಂದರೆ, ಸ್ಮೃತಿಯ ಕೊರತೆಯಿಂದ ಹೋದ ಬಿಲ್ಲು ಮರಳಿ ಬರುವ ಸಂಭವವಿದೆ. ಕೈಯಾರೆ ಸರಿಸಿದ ಬಿಲ್ಲಿಗೆ ಆ ಸಂಭವವೂ ಇಲ್ಲ.

ಮೂರನೆಯದು, ಸೂಚನೆಗಳ ಪ್ರಶ್ನೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ಪುಟಕ್ಕೆ ಹೋಗಿ “Force stop” ಒತ್ತಿದರೆ, ಪುನಃ ಕೈಯಾರೆ ತೆರೆಯುವವರೆಗೆ ಆ ಆ್ಯಪ್‌ಗೆ ಹೊರಗಿನ ಯಾವ ಸೂಚನೆಯೂ ತಲುಪುವುದಿಲ್ಲ. ಕೆಲವು ತಯಾರಕರ ಮೊಬೈಲುಗಳಲ್ಲಿ ಮೇಲಕ್ಕೆ ಸರಿಸುವುದೂ ಇದಕ್ಕೆ ಸಮನಾಗಿ ಪರಿಣಮಿಸುತ್ತದೆ. ಆಗ ಹಣ ಬಂದರೂ ಮೊಬೈಲು ಸದ್ದು ಮಾಡುವುದಿಲ್ಲ. ಗಿರಾಕಿ ತನ್ನ ಪರದೆ ತೋರಿಸುತ್ತಾನೆ, ವರ್ತಕನಿಗೆ ಸೂಚನೆ ಬಂದಿಲ್ಲ, ವಾದ ಹುಟ್ಟುತ್ತದೆ. ಪಾವತಿಯನ್ನು ಕೂಗಿ ಹೇಳುವ ಪ್ರತ್ಯೇಕ ಪೆಟ್ಟಿಗೆಯನ್ನು ಇರಿಸಿಕೊಂಡವರಿಗೆ ಈ ತೊಂದರೆಯಿಲ್ಲ. ಆ ಪೆಟ್ಟಿಗೆ ಮೊಬೈಲನ್ನು ಅವಲಂಬಿಸದೆ ತನ್ನದೇ ಸಿಮ್ ಮೂಲಕ ಸೂಚನೆ ಪಡೆಯುತ್ತದೆ. ಮೊಬೈಲಿನ ಸದ್ದನ್ನೇ ನಂಬಿರುವವರು ಪಾವತಿಯ ಆ್ಯಪನ್ನು ಮುಚ್ಚದಿರುವುದು ಮಾತ್ರವಲ್ಲ, ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ “Unrestricted” ಎಂಬ ಅನುಮತಿ ಕೊಟ್ಟಿರುವುದು ಒಳಿತು.

ಮುಚ್ಚಬೇಕಾದ ಪ್ರಸಂಗಗಳೂ ಇವೆ. ಆ್ಯಪ್ ಸ್ಪರ್ಶಕ್ಕೆ ಸ್ಪಂದಿಸದೆ ನಿಂತುಹೋದಾಗ ಮುಚ್ಚಿ ತೆರೆಯುವುದೇ ಪರಿಹಾರ. ದಾರಿ ತೋರಿಸುವ ಆ್ಯಪ್ ಊರು ತಲುಪಿದ ಮೇಲೂ ಸ್ಥಳವನ್ನು ಅಳೆಯುತ್ತಲೇ ಇದ್ದರೆ ಅದನ್ನು ನಿಲ್ಲಿಸಬೇಕು. ಬ್ಯಾಟರಿ ಬಳಕೆಯ ಪಟ್ಟಿಯಲ್ಲಿ, ತೆರೆಯದಿದ್ದರೂ ಮೇಲಿನ ಸ್ಥಾನದಲ್ಲಿ ಕಾಣುವ ಆ್ಯಪನ್ನು ತೆಗೆದುಹಾಕುವುದೇ ಲೇಸು. ಮೊಬೈಲ್ ಶುಚಿಗೊಳಿಸುವುದಾಗಿ ಹೇಳುವ ಆ್ಯಪ್‌ಗಳು ಈ ಯಾವ ಕೆಲಸಕ್ಕೂ ಬೇಕಾಗಿಲ್ಲ. ಅವು ತಾವೇ ಕಟ್ಟೆಯ ಮೇಲೆ ಜಾಗ ಹಿಡಿದು, ವ್ಯವಸ್ಥೆ ಅಂಕ ನೋಡಿ ಮಾಡುವ ಕೆಲಸವನ್ನು ಅಂಕ ನೋಡದೆ ಮಾಡುತ್ತವೆ.

ಬಿಲ್ಲಿನ ಆ್ಯಪನ್ನು ಪರೀಕ್ಷಿಸುವ ಬಗೆ

ಮಂಡಿಯಲ್ಲಿ ಬಳಸುವ ಬಿಲ್ಲಿನ ಆ್ಯಪ್ ಅರ್ಧ ಬರೆದ ಬಿಲ್ಲನ್ನು ಉಳಿಸುತ್ತದೆಯೇ ಎಂಬುದನ್ನು ಸುಗ್ಗಿಯಲ್ಲಿ ಅನುಭವದಿಂದ ಕಲಿಯಬೇಕಾಗಿಲ್ಲ. ಒಂದು ಸಂಜೆ ಅಂಗಡಿ ಮುಚ್ಚಿದ ಮೇಲೆ ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ “About phone” ಎಂಬಲ್ಲಿ “Build number” ಎಂಬ ಸಾಲನ್ನು ಏಳು ಸಲ ಒತ್ತಿದರೆ “Developer options” ಎಂಬ ಹೊಸ ಪುಟ ದೊರೆಯುತ್ತದೆ. ಕೆಲವು ಮೊಬೈಲುಗಳಲ್ಲಿ ಈ ಸಾಲು ಒಳಗಿನ ಇನ್ನೊಂದು ಪುಟದಲ್ಲಿರುತ್ತದೆ. ಆ ಪುಟದಲ್ಲಿ “Background process limit” ಎಂಬುದನ್ನು “No background processes” ಎಂದು ಬದಲಾಯಿಸಬೇಕು. ಇದರಿಂದ ಕಟ್ಟೆ ಸದಾ ತುಂಬಿರುವಂತಹ ಕೃತಕ ಇಕ್ಕಟ್ಟು ಉಂಟಾಗುತ್ತದೆ. ಬಿಟ್ಟ ಆ್ಯಪ್‌ಗಳು ಬೇಗನೆ ಕೊನೆಗೊಳ್ಳುತ್ತವೆ.

ಅನಂತರ ಬಿಲ್ಲಿನ ಆ್ಯಪ್ ತೆರೆದು, ಸುಳ್ಳು ಹೆಸರಿನಲ್ಲಿ ಮೂರು ನಾಲ್ಕು ಸಾಲು ತೂಕ ಬರೆಯಬೇಕು. ಉಳಿಸುವ ಗುಂಡಿಯನ್ನು ಒತ್ತಬಾರದು. ಮುಖಪುಟಕ್ಕೆ ಬಂದು, ಕ್ಯಾಮೆರಾ ತೆರೆದು ಒಂದು ಚಿತ್ರ ತೆಗೆದು, ಸಂದೇಶದ ಆ್ಯಪ್ ತೆರೆದು, ಬಳಿಕ ಇತ್ತೀಚಿನ ಆ್ಯಪ್‌ಗಳ ಸಾಲಿನಿಂದ ಬಿಲ್ಲಿಗೆ ಹಿಂತಿರುಗಬೇಕು. ಆ್ಯಪ್‌ನ ಲಾಂಛನ ಕಾಣಿಸಿಕೊಂಡು ಅದು ಮೊದಲಿನಿಂದ ತೆರೆದರೂ ಬರೆದ ಸಾಲುಗಳು ಉಳಿದಿದ್ದರೆ ಆ ಆ್ಯಪ್ ನಂಬಿಕೆಗೆ ಅರ್ಹ. ಸಾಲುಗಳು ಇಲ್ಲವಾದರೆ, ಅದನ್ನು ಬಳಸುವಾಗ ಪ್ರತಿ ನಾಲ್ಕೈದು ಚೀಲಕ್ಕೊಮ್ಮೆ ಉಳಿಸುತ್ತ ಹೋಗಬೇಕು, ಇಲ್ಲವೇ ತೂಕದ ಚೀಟಿಯನ್ನು ಕಾಗದದಲ್ಲಿಯೂ ಬರೆಯಬೇಕು. ಪರೀಕ್ಷೆ ಮುಗಿದ ಮೇಲೆ ಆ ಸಾಲನ್ನು “Standard limit” ಎಂಬುದಕ್ಕೆ ತಪ್ಪದೆ ಹಿಂತಿರುಗಿಸಿ, “Developer options” ಪುಟವನ್ನೇ ಆರಿಸಿಬಿಡಬೇಕು. ಅದು ತೆರೆದಿದ್ದರೆ ಕೆಲವು ಬ್ಯಾಂಕಿನ ಆ್ಯಪ್‌ಗಳು ಕೆಲಸ ಮಾಡಲು ನಿರಾಕರಿಸುತ್ತವೆ.

ಬಿಲ್ಲಿನ ತಂತ್ರಾಂಶವನ್ನು ಸಿದ್ಧಪಡಿಸಿ ಕೊಡುವವರು ಇದನ್ನೇ ಗಣಕಯಂತ್ರದಿಂದ ಒಂದು ಸಾಲಿನ ಆಜ್ಞೆಯ ಮೂಲಕ ಪರೀಕ್ಷಿಸಬಲ್ಲರು. ಆ್ಯಪ್ ಹಿನ್ನೆಲೆಯಲ್ಲಿರುವಾಗ ಕೆಳಗಿನ ಆಜ್ಞೆಯನ್ನು ಕೊಟ್ಟರೆ, ಸ್ಮೃತಿಯ ಕೊರತೆಯಲ್ಲಿ ವ್ಯವಸ್ಥೆ ಮಾಡುವಂತೆಯೇ ಅದು ಕೊನೆಗೊಳ್ಳುತ್ತದೆ. ಕೊನೆಯ ಪದದ ಸ್ಥಳದಲ್ಲಿ ತಮ್ಮ ಆ್ಯಪ್‌ನ ಹೆಸರನ್ನು ಹಾಕಬೇಕು.

```
adb shell am kill com.example.billing
```

ತಂತ್ರಾಂಶ ಕೊಳ್ಳುವ ಮೊದಲು ಈ ಪರೀಕ್ಷೆಯನ್ನು ತಮ್ಮೆದುರು ಮಾಡಿ ತೋರಿಸುವಂತೆ ಕೇಳುವ ಅಧಿಕಾರ ಕೊಳ್ಳುವವರಿಗೆ ಉಂಟು.

ಹೊಸ ಮೊಬೈಲು ಕೊಳ್ಳುವವರಿಗೆ

ಅಂಗಡಿಯ ಮೊಬೈಲು ಬಿಲ್ಲು, ಪಾವತಿ, ಸಂದೇಶ, ಕ್ಯಾಮೆರಾ ಇಷ್ಟಕ್ಕೇ ಮೀಸಲಾದರೆ 4 ಜಿಬಿ ರ್‍ಯಾಮ್‌ನಲ್ಲಿ ಕೆಲಸ ಸಾಗಬಲ್ಲದು. ಮೇಲಿನ ಲೆಕ್ಕದಿಂದ ಆಟದ 1100 ಎಂಬಿಯನ್ನು ತೆಗೆದರೆ, ಕ್ಯಾಮೆರಾ ಸೇರಿದರೂ ಒಟ್ಟು 1150 ಮಾತ್ರ ಆಗುವುದನ್ನು ಗಮನಿಸಬಹುದು. ಆಟವೂ ಅದರಲ್ಲಿಯೇ ನಡೆಯಬೇಕಾದರೆ 6 ಅಥವಾ 8 ಜಿಬಿ ಬೇಕು. ಹಲವು ತಯಾರಕರು ಸಂಗ್ರಹದ ಒಂದು ಭಾಗವನ್ನು ಹೆಚ್ಚುವರಿ ರ್‍ಯಾಮ್ ಎಂದು ತೋರಿಸಿ, 4 ಜಿಬಿಯ ಮೊಬೈಲಿಗೆ 8 ಜಿಬಿ ಎಂದು ಮುದ್ರಿಸುತ್ತಾರೆ. ಇದು ಉಗ್ರಾಣದ ಬಾಗಿಲ ಬಳಿ ಒಂದು ಮೂಲೆಯನ್ನು ಕಟ್ಟೆಯೆಂದು ಕರೆದಂತೆ. ಸುಮ್ಮನಿರುವ ಆ್ಯಪ್‌ಗಳನ್ನು ಇರಿಸಲು ಸ್ವಲ್ಪ ನೆರವಾಗುತ್ತದೆ, ಆದರೆ ವೇಗದಲ್ಲಿ ನಿಜವಾದ ರ್‍ಯಾಮಿಗೆ ಸಮನಲ್ಲ.

ಕೆಲವು ಮೊಬೈಲುಗಳಲ್ಲಿ ಇತ್ತೀಚಿನ ಆ್ಯಪ್‌ಗಳ ಸಾಲಿನಲ್ಲಿ ಒಂದು ಆ್ಯಪ್‌ಗೆ ಬೀಗದ ಗುರುತು ಹಾಕುವ ಅನುಕೂಲವಿದೆ. ಬಿಲ್ಲಿನ ಆ್ಯಪ್‌ಗೆ ಈ ಗುರುತು ಹಾಕಿದರೆ, ಎಲ್ಲವನ್ನೂ ಮುಚ್ಚುವ ಗುಂಡಿಯನ್ನು ಯಾರಾದರೂ ಒತ್ತಿದಾಗ ಅದು ಉಳಿಯುತ್ತದೆ. ಆದರೆ ಸ್ಮೃತಿಯ ಕೊರತೆ ತೀವ್ರವಾದಾಗ ಈ ಬೀಗವೂ ನಿಲ್ಲುವುದೆಂಬ ಭರವಸೆಯಿಲ್ಲ. ಕಟ್ಟೆಯ ಮೇಲೆ ಯಾವುದು ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಬಳಕೆದಾರನು ಪೂರ್ಣವಾಗಿ ನಿಯಂತ್ರಿಸಲಾರನು. ತೂಗಿದ ತೂಕವು ಉಗ್ರಾಣದಲ್ಲಿ ದಾಖಲಾಗಿದೆಯೇ ಎಂಬುದನ್ನು ಮಾತ್ರ ಅವನು ಖಚಿತಪಡಿಸಿಕೊಳ್ಳಬಲ್ಲನು. ಚಹಾಕ್ಕೆ ಏಳುವ ಮೊದಲು ಉಳಿಸುವ ಗುಂಡಿಯನ್ನು ಒಮ್ಮೆ ಒತ್ತಿದರೆ, ಆಮೇಲೆ ಮಗನು ಆಟವಾಡಿದರೂ 14 ಚೀಲಗಳ ಲೆಕ್ಕಕ್ಕೆ ಭಂಗವಿಲ್ಲ.